“ಸರ್, ಇದು ಸರಿ ಐತೇನ್ರಿ?” – ಒಂದೇ ಲೆಕ್ಕ, ಎರಡು ಫೋಟೊ

ಜಮಖಂಡಿ ತಾಲೂಕಿನ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುತ್ತೇನೆ. ಪ್ರಿಪರೇಟರಿ ಹತ್ತಿರ ಬಂತೆಂದರೆ ಸಂಜೆ ಹೊತ್ತು ವಾಟ್ಸಾಪ್‌ಗೆ ಉತ್ತರದ ಫೋಟೊಗಳು ಬರುತ್ತವೆ. ಜೊತೆಗೆ ಒಂದೇ ಸಾಲು: “ಸರ್, ಇದು ಸರಿ ಐತೇನ್ರಿ?” ಎಷ್ಟು ಅಂಕ ಅಂತ ಕೇಳುವುದಿಲ್ಲ. ಎಲ್ಲಿ ತಪ್ಪಿದೆ ಅಂತಲೂ ಕೇಳುವುದಿಲ್ಲ. ಎಷ್ಟೋ ಸಲ ಪ್ರಶ್ನೆಯೇ ಫೋಟೊದಲ್ಲಿ ಇರುವುದಿಲ್ಲ. ಆಗ ನನ್ನ ಮೊದಲ ಉತ್ತರ, “ಪ್ರಶ್ನೆ ಕಳಿಸಪ್ಪ.” ಉತ್ತರ ನೋಡಿ ಪ್ರಶ್ನೆ ಊಹಿಸಲು ಹೋಗುವುದಿಲ್ಲ.

ಈ ವರ್ಷ ಒಂದೇ ಲೆಕ್ಕಕ್ಕೆ ಇಬ್ಬರು ಮಕ್ಕಳಿಂದ ಫೋಟೊ ಬಂತು. ನಾನೇ ಅಭ್ಯಾಸಕ್ಕೆ ಕೊಟ್ಟ ಮೂರು ಅಂಕದ ವರ್ಗ ಸಮೀಕರಣದ ಲೆಕ್ಕ ಅದು. ಒಂದು ಬಸ್ಸು 180 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 15 ಕಿ.ಮೀ. ಜಾಸ್ತಿ ಇದ್ದಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ಹಾಗಾದರೆ ಬಸ್ಸಿನ ವೇಗ ಎಷ್ಟು? ಉತ್ತರ ಗಂಟೆಗೆ 45 ಕಿ.ಮೀ. ನಮ್ಮ ಕಡೆಯ ರಸ್ತೆಗೆ ನಂಬಬಹುದಾದ ವೇಗವೇ.

ಸ್ಕೀಮ್‌ನಲ್ಲಿ ಅಂಕ ಹಂಚಿದ್ದು ಆರು ಅರ್ಧಗಳಾಗಿ. ವೇಗವನ್ನು x ಅಂತ ಇಟ್ಟು ಎರಡು ಸಮಯಗಳನ್ನು ಬರೆದರೆ ಅರ್ಧ. ಸಮೀಕರಣಕ್ಕೆ ಅರ್ಧ. ಅದನ್ನು ಆದರ್ಶ ರೂಪಕ್ಕೆ ತಂದರೆ ಅರ್ಧ. ಅಪವರ್ತನಕ್ಕೆ ಅರ್ಧ, ಮೂಲಗಳಿಗೆ ಅರ್ಧ. ಋಣ ಮೂಲವನ್ನು ಬಿಟ್ಟು ವೇಗವನ್ನು ಏಕಮಾನದ ಜೊತೆ ಬರೆದರೆ ಕೊನೆಯ ಅರ್ಧ.

```
180/x − 180/(x+15) = 1
x² + 15x − 2700 = 0
(x + 60)(x − 45) = 0
```

ಫೋಟೊ ಬಂದ ಕೂಡಲೇ ನಾನು ಸ್ಕೀಮ್ ತೆಗೆಯುವುದಿಲ್ಲ. ಸ್ಕೀಮ್ ಕಣ್ಣ ಮುಂದೆ ಇದ್ದರೆ ಮಗು ಬರೆಯದ ಸಾಲನ್ನೂ ಕಣ್ಣು ತಾನೇ ತುಂಬಿಕೊಂಡು ಓದುತ್ತದೆ. ಮೊದಲು ಲೆಕ್ಕವನ್ನು ನಾನೇ ಒಂದು ಸಲ ಮಾಡುತ್ತೇನೆ. ಆಮೇಲೆ ಫೋಟೊದಲ್ಲಿ ಇರುವುದನ್ನು ಇದ್ದ ಹಾಗೇ, ತಪ್ಪಿದ್ದರೆ ತಪ್ಪಿನ ಸಮೇತ, ಒಂದು ಹಾಳೆಗೆ ಇಳಿಸಿಕೊಳ್ಳುತ್ತೇನೆ. ಒಂದೊಂದು ಸಾಲು ಅದರ ಹಿಂದಿನ ಸಾಲಿನಿಂದಲೇ ಬಂದಿದೆಯಾ ಅಂತ ನೋಡುತ್ತೇನೆ. ಸ್ಕೀಮ್‌ಗೆ ಕೈ ಹಾಕುವುದು ಇಷ್ಟೆಲ್ಲ ಆದಮೇಲೆ.

ಮೊದಲ ಫೋಟೊ ಒಬ್ಬ ಹುಡುಗನದು. ಅವನು ವೇಗವನ್ನು x ಅಂತ ಇಟ್ಟೇ ಇರಲಿಲ್ಲ. ಸಮಯವನ್ನು t ಅಂತ ಇಟ್ಟಿದ್ದ.

```
180/(t−1) − 180/t = 15
t² − t − 12 = 0
(t − 4)(t + 3) = 0
t = 4
```

ಕೊನೆಯ ಸಾಲಿನ ಪಕ್ಕದಲ್ಲಿ t = −3 ಬರೆದು ಹೊಡೆದು ಹಾಕಿದ್ದ. “ಸಮಯ ಋಣ ಆಗಂಗಿಲ್ಲ” ಅಂತ ಪುಟ್ಟದಾಗಿ ಕಾರಣವನ್ನೂ ಬರೆದಿದ್ದ. ಅಲ್ಲಿಗೆ ಉತ್ತರ ಮುಗಿದಿತ್ತು. ಗೆಳೆಯರು ಆಗಲೇ “ಇದು ತಪ್ಪು, 45 ಬರಬೇಕು” ಅಂದಿದ್ದರಂತೆ. ಅವನಿಗೆ ಗಾಬರಿ.

ಸ್ಕೀಮ್ ಪಕ್ಕದಲ್ಲಿಟ್ಟು ಹೋಲಿಸಿದರೆ ಒಂದು ಸಾಲೂ ಹೊಂದುವುದಿಲ್ಲ. ಹಾಗಂತ ತಪ್ಪು ಅನ್ನುವ ಹಾಗಿಲ್ಲ. ಬೇರೆ ಸರಿಯಾದ ವಿಧಾನಕ್ಕೂ ಅಂಕ ಕೊಡುವುದು ಗಣಿತದ ಮೌಲ್ಯಮಾಪನದ ರೂಢಿ. ಮಾಡಬೇಕಾದ ಕೆಲಸ ಏನೆಂದರೆ, ಸ್ಕೀಮ್‌ನ ಒಂದೊಂದು ಅರ್ಧ ಅಂಕ ಯಾವ ಕೆಲಸಕ್ಕೆ ಅಂತ ನೋಡಿ, ಅದೇ ಕೆಲಸ ಇವನ ದಾರಿಯಲ್ಲಿ ಎಲ್ಲಿ ಆಗಿದೆ ಅಂತ ಹುಡುಕುವುದು. ಸ್ಕೀಮ್‌ನಲ್ಲಿ ಎರಡು ಸಮಯ ಇದ್ದ ಜಾಗದಲ್ಲಿ ಇವನದು ಎರಡು ವೇಗ. ಸಮೀಕರಣ ಸರಿ. ಆದರ್ಶ ರೂಪ ಸರಿ. ಅಪವರ್ತನ, ಮೂಲ ಎರಡೂ ಸರಿ. ನಿಜ ಹೇಳಬೇಕೆಂದರೆ ಸ್ಕೀಮ್‌ಗಿಂತ ಇವನ ದಾರಿಯೇ ಸಲೀಸು. 2700ಕ್ಕೆ ಅಪವರ್ತನ ಹುಡುಕುವುದೆಲ್ಲಿ, 12ಕ್ಕೆ ಹುಡುಕುವುದೆಲ್ಲಿ! ಉಳಿದದ್ದು ಕೊನೆಯ ಅರ್ಧ ಮಾತ್ರ. ಪ್ರಶ್ನೆ ಕೇಳಿದ್ದು ವೇಗ, ಇವನು ನಿಂತದ್ದು ಸಮಯದಲ್ಲಿ. 3ಕ್ಕೆ 2½.

ಎರಡನೇ ಫೋಟೊ ಒಬ್ಬ ಹುಡುಗಿಯದು. ಕೊನೆಯ ಸಾಲು “ಬಸ್ಸಿನ ವೇಗ = 45 ಕಿ.ಮೀ./ಗಂ”, ಕೆಳಗೆ ಎರಡು ಗೆರೆ. ಅಕ್ಷರ ಅಚ್ಚಿನ ಹಾಗೆ. ಕೊನೆಯ ಸಾಲಷ್ಟೇ ನೋಡಿದ್ದರೆ “ಸರಿ ಐತವ್ವ” ಅಂದುಬಿಡಬಹುದಿತ್ತು. ಮೇಲಿನ ಸಾಲುಗಳನ್ನು ಇಳಿಸಿಕೊಳ್ಳುವಾಗ ಹೀಗಿತ್ತು:

```
180/(x+15) − 180/x = 1
180x − 180x − 2700 = x² + 15x
x² + 15x − 2700 = 0
```

ಮೊದಲ ಸಾಲಿನಲ್ಲೇ ಪದಗಳು ಅದಲು ಬದಲು. ವೇಗ ಜಾಸ್ತಿ ಆದಾಗ ಸಮಯ ಕಡಿಮೆ. ಕಡಿಮೆ ಸಮಯದಿಂದ ಜಾಸ್ತಿ ಸಮಯ ಕಳೆದರೆ +1 ಬರಲ್ಲ, ಅಲ್ವಾ? ಎರಡನೇ ಸಾಲು ಅದೇ ತಪ್ಪಿನಿಂದ ಸರಿಯಾಗಿಯೇ ಬಂದಿದೆ. ಮೂರನೇ ಸಾಲು ಮಾತ್ರ ಎರಡನೆಯದರಿಂದ ಬರುವುದಿಲ್ಲ. ಬರಬೇಕಾದದ್ದು +2700.

ಇಲ್ಲಿ ತೀರ್ಪು ಕೊಡುವ ಮೊದಲು ಒಂದು ಅನುಮಾನ ಬಗೆಹರಿಸಬೇಕಿತ್ತು. ಗೆರೆ ಹಾಕಿದ ಹಾಳೆಯಲ್ಲಿ ಮೈನಸ್ ಚಿಹ್ನೆ ಸರಿಯಾಗಿ ಗೆರೆಯ ಮೇಲೆ ಬಿದ್ದರೆ ಫೋಟೊದಲ್ಲಿ ಕಾಣುವುದೇ ಇಲ್ಲ. ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ಕಪ್ಪು ಬಿಳುಪು ಮಾಡಿ ಕಳಿಸಿದರಂತೂ ತೆಳುವಾದ ಗೀಟು ಅಳಿಸಿಹೋಗುತ್ತದೆ. ಸಮೀಕರಣದ ಬಲಗಡೆ −1 ಇದ್ದು ಮೈನಸ್ ಕಾಣದೆ ಹೋಗಿರಬಹುದಾ? ಇದ್ದರೆ ಮೊದಲ ಸಾಲು ಪೂರ್ತಿ ಸರಿ. “ನಾಳೆ ಬೆಳಕಿನಾಗ, ಮೇಲಿಂದ ನೆಟ್ಟಗ, ಆ ಮೂರು ಸಾಲಷ್ಟೇ ಹತ್ತಿರದಿಂದ ತೆಗದು ಕಳಸವ್ವ” ಅಂದೆ. ಮರುದಿನದ ಫೋಟೊದಲ್ಲಿ ಸ್ಪಷ್ಟವಾಗಿತ್ತು. ಬಲಗಡೆ ಬರೀ 1.

ಅಂದರೆ ಅವಳಿಗೆ ಉತ್ತರ 45 ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ತಕ್ಕ ಹಾಗೆ ಚಿಹ್ನೆ ತಿರುಗಿತು. ಅಂಕ ನೋಡಿದರೆ ಸಮಯಗಳಿಗೆ ಅರ್ಧ. ಸಮೀಕರಣಕ್ಕೂ ಆದರ್ಶ ರೂಪಕ್ಕೂ ಇಲ್ಲ. ಅಪವರ್ತನ, ಮೂಲ, ಕೊನೆಯ ಉತ್ತರಕ್ಕೆ ಒಂದೂವರೆ. ಒಟ್ಟು 2. ಮೂರನೇ ಸಾಲು ತಾನಾಗಿ ಸರಿ ಇದೆ ಅಂತ ಕೆಲವರು ಅದಕ್ಕೂ ಅರ್ಧ ಕೊಟ್ಟಾರು. ನಾನು ಕೊಡುವುದಿಲ್ಲ. ಹಿಂದಿನ ಸಾಲಿಗೆ ಸಂಬಂಧವೇ ಇಲ್ಲದ ಸಾಲು ಅದು.

ಹೀಗೆ 45 ಬರೆದವಳಿಗಿಂತ 45 ಬರೆಯದವನಿಗೆ ಅರ್ಧ ಅಂಕ ಜಾಸ್ತಿ.

ಇನ್ನು ಉತ್ತರ ಕಳಿಸುವುದು. ಕೇಳಿದ್ದು ಸರಿನಾ ಅಂತ, ಹಾಗಾಗಿ ಮೊದಲ ಮಾತು ಅದಕ್ಕೇ ಇರಬೇಕು. ಪೂರ್ತಿ ಸ್ಕೀಮ್ ಕಳಿಸಿದರೆ ಮಕ್ಕಳು ಅದನ್ನು ನಕಲು ಮಾಡಿಕೊಳ್ಳುತ್ತಾರೆಯೇ ಹೊರತು ತಮ್ಮ ಸಾಲಿಗೆ ಹೋಲಿಸಿ ನೋಡುವುದಿಲ್ಲ. ಹುಡುಗನಿಗೆ ಬರೆದೆ: “ವಿಧಾನ ಸರಿ ಐತಿ. 4 ಅನ್ನೋದು ಸಮಯ. ಕೇಳಿದ್ದು ಏನು, ಇನ್ನೊಮ್ಮೆ ಓದು. ಸದ್ಯಕ್ಕ ನಾನಾದರ 2½ ಕೊಡ್ತೀನಿ.” ಎರಡೇ ನಿಮಿಷಕ್ಕೆ 180 ÷ 4 = 45 ಕಿ.ಮೀ./ಗಂ ಅಂತ ಬಂತು.

ಹುಡುಗಿಗೆ ಹೀಗೆ: “ಕೊನೆಯ ಉತ್ತರ ಸರಿ, ಆದರ ಪೂರ್ತಿ ಅಂಕ ಇಲ್ಲ. ಎರಡನೇ ಸಾಲಿಂದ ಮೂರನೇ ಸಾಲು ಹೆಂಗ ಬಂತು? ಅಲ್ಲಿ ಬರೋ ಸಮೀಕರಣದ ಶೋಧಕ ತಗದು ನೋಡು.” x² + 15x + 2700 = 0 ಆದರೆ ಶೋಧಕ 225 − 10800. ಋಣ ಸಂಖ್ಯೆ, ವಾಸ್ತವ ಮೂಲಗಳೇ ಇಲ್ಲ. ಬಸ್ಸೇ ಹೊರಡಲ್ಲ! ಅದನ್ನು ಕಂಡಮೇಲೆ ಮೊದಲ ಸಾಲಿಗೆ ಅವಳೇ ಹಿಂದೆ ಹೋದಳು. ತಪ್ಪು ಮೊದಲ ಸಾಲಿನಲ್ಲಿದೆ ಅಂತ ನಾನು ಹೇಳಿರಲಿಲ್ಲ.

ಸಂದೇಶದಲ್ಲಿ ಅಂಕ ಬರೆಯುವಾಗ “ನಾನಾದರ ಇಷ್ಟು ಕೊಡ್ತೀನಿ” ಅಂತಲೇ ಬರೆಯುತ್ತೇನೆ. ಬೋರ್ಡ್ ಪರೀಕ್ಷೆಯ ಉತ್ತರ ಪತ್ರಿಕೆ ನೋಡುವವರು ಬೇರೆ, ಅಲ್ಲಿನ ಸ್ಕೀಮ್ ಬೇರೆ. ಹಾಳೆಯ ಅಂಚು ಕತ್ತರಿಸಿಹೋಗಿದ್ದರೆ “ಇಲ್ಲಿವರೆಗೆ ಕಂಡಿದ್ದಕ್ಕೆ ಇಷ್ಟು” ಅಂತ ಸೇರಿಸುತ್ತೇನೆ.

ರಚನೆಯ ಪ್ರಶ್ನೆಗಳಿಗೆ ಈ ಫೋಟೊ ವ್ಯವಹಾರ ನಡೆಯುವುದಿಲ್ಲ. ಮೊಬೈಲ್ ಸ್ವಲ್ಪ ವಾರೆ ಹಿಡಿದರೂ 60 ಡಿಗ್ರಿ ಕೋನ ಬೇರೆಯಾಗಿಯೇ ಕಾಣುತ್ತದೆ. ಪರದೆಯ ಮೇಲೆ ಸ್ಕೇಲು ಇಟ್ಟು ಸೆಂಟಿಮೀಟರ್ ಅಳೆಯಲೂ ಆಗದು. ಕಂಸಗಳು ಇವೆಯಾ, ಹೆಸರು ಬರೆದಿದ್ದಾರಾ ಅಂತ ಮಾತ್ರ ನೋಡಿ ಹೇಳುತ್ತೇನೆ. ಅಳತೆಗೆ ನೋಟ್‌ಬುಕ್ ಶಾಲೆಗೇ ತರಬೇಕು.