ಟ್ಯಾಂಕರ್ ಬಂದದ್ದು ಯಾವ ದಿನ? ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಕೈಲೇ ಬಿಡಿಸೋದು ಹೀಗೆ

ನಮ್ಮ ಪುಣೆ ಸೊಸೈಟಿಲಿ ಟ್ರೆಜರರ್ ಆಗಿರೋದು ಧಾರವಾಡ ಕಡೆಯ ಕಾಕಾ. 2024ರ ಮೇ ತಿಂಗಳ ನೀರಿನ ಟ್ಯಾಂಕರ್ ಬಿಲ್ ತಾಳೆ ನೋಡೋಕೆ ಗೇಟಿನ ಮಷೀನ್‌ನಿಂದ ಲಾಗ್ ತೆಗೆಸಿದ್ರು, ಅದ್ರಲ್ಲಿ ದಿನಾಂಕ ಇರಬೇಕಾದ ಕಾಲಮ್ಮಲ್ಲಿ ಬರೀ 1715541440 ಥರದ ನಂಬರುಗಳು. "ಏನೋ ಇದು, ಟ್ಯಾಂಕರಿನವನ ಫೋನ್ ನಂಬರ್ ಏನು?" ಅಂದ್ರು. ಹತ್ತು ಅಂಕಿ ಇದೆ ನಿಜ, ಆದ್ರೆ ನಮ್ಮ ಮೊಬೈಲ್ ನಂಬರ್ ಯಾವ್ದೂ 1ರಿಂದ ಶುರುವಾಗಲ್ಲ, ಹಾಗೆ ನೋಡಿದ್ರೇನೇ ಅರ್ಧ ಗೊತ್ತಾಗತ್ತೆ.

ಇದು ಯುನಿಕ್ಸ್ ಟೈಮ್. 1970ರ ಜನವರಿ 1, ಯುಟಿಸಿ ಅನ್ನೋ ಜಾಗತಿಕ ಪ್ರಮಾಣ ಸಮಯದ ಪ್ರಕಾರ ರಾತ್ರಿ ಹನ್ನೆರಡು ಗಂಟೆ, ಅಲ್ಲಿಂದ ಎಷ್ಟು ಸೆಕೆಂಡ್ ಆಗಿದೆ ಅಂತ ಎಣಿಸಿದ ಲೆಕ್ಕ, ಅಷ್ಟೇ. ಅಂದ್ರೆ 171 ಕೋಟಿ ಚಿಲ್ಲರೆ ಸೆಕೆಂಡು. ಲೆಕ್ಕ ಶುರು ಮಾಡೋ ಮುಂಚೆ ಅಂಕಿ ಎಣಿಸ್ಕೊಳ್ಳಿ: ಈಚಿನ ವರ್ಷಗಳದ್ದಾದ್ರೆ ಹತ್ತೇ ಇರಬೇಕು. ಹದಿಮೂರು ಇದ್ರೆ ಅದು ಮಿಲಿಸೆಕೆಂಡ್, ಕೊನೆಯ ಮೂರು ಅಂಕಿ ಹಾರಿಸಿ ಮುಂದುವರೀರಿ, ಇಲ್ಲಾಂದ್ರೆ ನಿಮ್ಮ ಟ್ಯಾಂಕರ್ ಐವತ್ತು ಸಾವಿರ ವರ್ಷ ಆದ್ಮೇಲೆ ಬರತ್ತೆ.

ಈಗ ಮುಖ್ಯ ವಿಷ್ಯ, ನಾನು ಎಡವಿದ್ದೂ ಇಲ್ಲೇ. ನಮ್ಮ ಟೈಮ್ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ನಾನು ಮೊದಲು ಯುಟಿಸಿ ದಿನಾಂಕ, ಟೈಮ್ ಎಲ್ಲಾ ತೆಗೆದೆ, ಮೇ 12 ಭಾನುವಾರ, ಸಂಜೆ 19:17 ಅಂತ ಬಂತು, ಆಮೇಲೆ ಟೈಮಿಗೆ 5:30 ಸೇರಿಸ್ದೆ, 24:47 ಆಯ್ತು, ಓ ರಾತ್ರಿ 12:47 ಅಂತ ಬರೆದು ದಿನಾಂಕ ಮಾತ್ರ 12 ಅಂತಾನೇ ಬಿಟ್ಟೆ. ವಾಚ್‌ಮನ್ ರಿಜಿಸ್ಟರಲ್ಲಿ ಮಾತ್ರ 13 ಅಂತ ಇತ್ತು, ಬಿಲ್ಲಲ್ಲೂ 13. ಕಾಕಾ ಪಾಪ ಇಬ್ರ ಮೇಲೂ ಅನುಮಾನ ಪಟ್ಟು ಕೂತಿದ್ರು, ತಪ್ಪು ಇದ್ದದ್ದು ನಂದು.

ಅದಕ್ಕೇ ಹೇಳೋದು, ಐದೂವರೆ ಗಂಟೇನ ಕೊನೇಲಿ ಅಂಟಿಸೋಕೆ ಹೋಗ್ಬೇಡಿ, ಎಲ್ಲಕ್ಕಿಂತ ಮೊದಲೇ ಸೆಕೆಂಡಿನ ರೂಪದಲ್ಲೇ ಕೂಡಿಸಿಬಿಡಿ. ಐದೂವರೆ ಗಂಟೆ ಅಂದ್ರೆ 19800 ಸೆಕೆಂಡ್. ಆಮೇಲೆ ಬರೋ ದಿನ, ವಾರ, ಗಂಟೆ ಎಲ್ಲಾ ತಾನಾಗೇ ನಮ್ಮ ಟೈಮಿಂದೇ ಆಗಿರತ್ತೆ.

```
1715541440 + 19800 = 1715561240
```

ಈಗ ಇದನ್ನ ದಿನ ಮಾಡ್ಬೇಕು. ಒಂದು ದಿನಕ್ಕೆ 86400 ಸೆಕೆಂಡ್. ಫೋನ್ ಕ್ಯಾಲ್ಕುಲೇಟರಲ್ಲಿ ಭಾಗಿಸಿದ್ರೆ 19856.03287 ಅಂತ ಬರತ್ತೆ, ಪಾಯಿಂಟಿನ ಹಿಂದಿನ 19856 ಮಾತ್ರ ಇಟ್ಕೊಳ್ಳಿ. ಆ .03287 ನೋಡಿ 3 ನಿಮಿಷ ಅಂತ ಓದ್ಕೋಬೇಡಿ, ಅದು ದಿನದ ಭಾಗ, ನಿಮಿಷ ಅಲ್ಲ. ಉಳಿದ ಸೆಕೆಂಡ್ ಬೇಕಂದ್ರೆ ವಾಪಸ್ ಗುಣಿಸಿ ಕಳೀಬೇಕು:

```
19856 × 86400 = 1715558400
1715561240 − 1715558400 = 2840
```

2840 ಸೆಕೆಂಡ್ ಅಂದ್ರೆ ಒಂದು ಗಂಟೆಗೂ (3600) ಕಮ್ಮಿ, ಹಾಗಾಗಿ ಗಂಟೆ ಸೊನ್ನೆ. 60ರಿಂದ ಭಾಗಿಸಿದ್ರೆ 47 ನಿಮಿಷ, ಮಿಕ್ಕಿದ್ದು 20 ಸೆಕೆಂಡ್. ಟೈಮ್ ಸಿಕ್ಕಿತು, 00:47:20, ಮಧ್ಯರಾತ್ರಿ ದಾಟಿ ಮುಕ್ಕಾಲು ಗಂಟೆ.

ವಾರ ತೆಗೆಯೋದು ಇನ್ನೂ ಸುಲಭ. 1970ರ ಜನವರಿ 1 ಗುರುವಾರ. 19856ನ್ನ 7ರಿಂದ ಭಾಗಿಸಿದ್ರೆ ಶೇಷ 4, ಗುರುವಾರದಿಂದ ನಾಲ್ಕು ದಿನ ಮುಂದೆ ಎಣಿಸಿ, ಶುಕ್ರ, ಶನಿ, ಭಾನು, ಸೋಮ. ಸೋಮವಾರ. ಇದನ್ನ ಒಂದು ಕಡೆ ಬರೆದಿಟ್ಕೊಳ್ಳಿ, ಕೊನೆಗೆ ದಿನಾಂಕ ಸರಿ ಬಂತಾ ಅಂತ ನೋಡೋಕೆ ಬೇಕಾಗತ್ತೆ.

ವರ್ಷ ಹುಡುಕೋದ್ರಲ್ಲಿ ಸ್ವಲ್ಪ ಹುಷಾರು. 19856ನ್ನ 365.25ರಿಂದ ಭಾಗಿಸಿದ್ರೆ 54.36, ಅಂದ್ರೆ 54 ವರ್ಷ ಪೂರ್ತಿ ಆಗಿದೆ, 1970ಕ್ಕೆ ಸೇರಿಸಿದ್ರೆ 2024. ಆದ್ರೆ ಇದು ಅಂದಾಜು, ವರ್ಷದ ಅಂಚಲ್ಲಿ ಕೈ ಕೊಡತ್ತೆ, ಉದಾಹರಣೆಗೆ 19723ನೇ ದಿನ ನಿಜವಾಗ್ಲೂ 2024ರ ಜನವರಿ 1, ಆದ್ರೆ ಭಾಗಿಸಿದ್ರೆ 53.998 ಬಂದು 2023 ಅನ್ಸತ್ತೆ. ಅದಕ್ಕೇ ಆ ವರ್ಷ ಶುರುವಾಗೋ ಮೊದಲು ನಿಖರವಾಗಿ ಎಷ್ಟು ದಿನ ಕಳೆದಿತ್ತು ಅಂತ ಲೆಕ್ಕ ಹಾಕಲೇಬೇಕು. 54 ವರ್ಷಕ್ಕೆ 365ರಂತೆ 19710, ಜೊತೆಗೆ ನಡುವೆ ಬಂದ ಅಧಿಕ ವರ್ಷಗಳು, 1972ರಿಂದ 2020ರ ತನಕ ನಾಲ್ಕು ವರ್ಷಕ್ಕೊಂದು, ಒಟ್ಟು 13. (2000 ಕೂಡ ಅಧಿಕ ವರ್ಷವೇ, 400ರಿಂದ ಭಾಗ ಹೋಗತ್ತಲ್ಲ.) ಆ ದಿನಕ್ಕೆ 2024 ಇನ್ನೂ ಮುಗಿದಿರ್ಲಿಲ್ಲ, ಹಾಗಾಗಿ ಅದರ ಫೆಬ್ರವರಿ 29 ಇಲ್ಲಿ ಸೇರಿಸಬೇಡಿ, ತಿಂಗಳ ಲೆಕ್ಕದಲ್ಲಿ ಬರತ್ತೆ.

```
19710 + 13 = 19723
19856 − 19723 = 133
```

ಈ 133 ದಿನದಲ್ಲಿ ತಿಂಗಳುಗಳನ್ನ ಒಂದೊಂದಾಗಿ ಕಳೀತಾ ಹೋಗಿ. ಜನವರಿಯ 31 ಹೋದ್ರೆ 102, ಫೆಬ್ರವರಿಯ 29 ಹೋದ್ರೆ 73, ಮಾರ್ಚಿನ 31 ಹೋದ್ರೆ 42, ಏಪ್ರಿಲ್‌ನ 30 ಹೋದ್ರೆ 12. ಮೇ ತಿಂಗಳ 31 ಇದ್ರಿಂದ ಕಳೆಯೋಕಾಗಲ್ಲ, ಸೋ ಮೇನಲ್ಲೇ ಇದ್ದೀವಿ. 12 ಅಂದ್ರೆ ಮೇ 12 ಅಲ್ಲ ಮತ್ತೆ! ಪೂರ್ತಿ ಕಳೆದಿರೋದು 12 ದಿನ, ನಡೀತಿರೋದು ಹದಿಮೂರನೇದು. ಒಂದು ಕೂಡಿಸಿ, ಮೇ 13. ಕೂಡಿಸೋದು ಮರೆತ್ರೆ ಒಂದು ದಿನ ಹಿಂದೆ ಹೋಗ್ತೀರಾ, ನನ್ನ ಮೊದಲ ತಪ್ಪಿನ ಹಾಗೇ ಕಾಣತ್ತೆ, ಕಾರಣ ಮಾತ್ರ ಬೇರೆ.

ಈಗ ಕ್ಯಾಲೆಂಡರ್ ತೆಗೆದು ನೋಡಿ, 2024ರ ಮೇ 13 ಸೋಮವಾರ. ಮೇಲೆ ಬರೆದಿಟ್ಟ ವಾರಕ್ಕೆ ತಾಳೆ ಆಯ್ತು. ಪುಣೆಯಲ್ಲಿ ಅವತ್ತು ಲೋಕಸಭೆ ಚುನಾವಣೆಯ ವೋಟಿಂಗ್ ಇತ್ತು, ವಾಚ್‌ಮನ್ ಕೂಡ "ವೋಟಿನ ದಿನ, ಬೆಳಗಾಗೋ ಮುಂಚೆ" ಅಂತಾನೇ ಅಂದಿದ್ದ, ನಾವೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ.

ಯಾರಾದ್ರೂ ಲೀಪ್ ಸೆಕೆಂಡ್ ಕಥೆ ಏನು ಅಂತ ಕೇಳ್ಬಹುದು. 1972ರಿಂದ 27 ಸಲ ಯುಟಿಸಿಗೆ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ, ಆದ್ರೆ ಯುನಿಕ್ಸ್ ಟೈಮ್ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಅದಕ್ಕೆ ಪ್ರತಿ ದಿನವೂ 86400 ಸೆಕೆಂಡೇ. ಕೈಲೆಕ್ಕ ಮಾಡೋರಿಗೆ ಅದೇ ಅನುಕೂಲ.

ಲಿನಕ್ಸ್ ಇದ್ರೆ ಉತ್ತರ ಹೀಗೆ ಚೆಕ್ ಮಾಡ್ಬಹುದು:

```
TZ=Asia/Kolkata date -d @1715541440
```

ಕಾಕಾ ಹತ್ರ ಇದ್ದದ್ದು ಎಕ್ಸೆಲ್, ನಂಬರ್ A2ರಲ್ಲಿತ್ತು, ಅವರಿಗೆ ಇದನ್ನ ಬರೆದು ಕೊಟ್ಟೆ. 25569 ಅಂದ್ರೆ ಎಕ್ಸೆಲ್ ತನ್ನ ದಿನಗಳ ಎಣಿಕೆಯಲ್ಲಿ 1970ರ ಜನವರಿ 1ಕ್ಕೆ ಕೊಡೋ ನಂಬರ್. ಸೆಲ್ಲಿನ ಫಾರ್ಮ್ಯಾಟನ್ನ ದಿನಾಂಕ-ಸಮಯಕ್ಕೆ ಬದಲಾಯಿಸಬೇಕು, ಇಲ್ಲಾಂದ್ರೆ ಮತ್ತೊಂದು ನಂಬರೇ ಕಾಣತ್ತೆ.

```
=(A2+19800)/86400+25569
```

ಕೆಳಗಿನ ತನಕ ಎಳೆದ್ರೆ ಮೂರು ಸಾಲಲ್ಲಿ ಮಾತ್ರ ವಿಚಿತ್ರ, 1970ರ ಜನವರಿ 1, ಬೆಳಿಗ್ಗೆ 5:30. ಅಲ್ಲಿ ಮೂಲ ಕಾಲಮ್ಮಲ್ಲಿ ಬರೀ 0 ಇತ್ತು, ಅಂದ್ರೆ ಮಷೀನ್ ಹತ್ರ ಟೈಮೇ ಇರ್ಲಿಲ್ಲ, ಸೊನ್ನೆ ಸೆಕೆಂಡಿಗೆ ಐದೂವರೆ ಗಂಟೆ ಕೂಡಿ ಹಾಗೆ ಕಂಡಿದೆ. ಕಾಕಾಗೆ ವಿವರಿಸಿದೆ, ಅವರು ಕನ್ನಡಕ ಸರಿ ಮಾಡ್ಕೊಂಡು ನೋಡಿದ್ರು. "ಎಪ್ಪತ್ತರಾಗ ಈ ಸೊಸೈಟಿನ ಇರಲಿಲ್ಲ ತಮ್ಮಾ. ಈ ಮೂರು ಟ್ಯಾಂಕರಿಗೆ ಮೊದ್ಲ ಚಲನ್ ತರ್ಲಿ, ಆಮ್ಯಾಲ ರೊಕ್ಕ ಕೊಡೂಣು."