36 ಅಂದದ್ದು 32 ಆಯಿತು: ಕಾಂಪೌಂಡ್ ಕಂಬ ಮತ್ತು ಫೂಟಿಂಗ್ ಲೆಕ್ಕ, ನನ್ನ ಅನುಭವ

ಕಲಬುರಗಿಯ ಸೇಡಂ ರೋಡ್ ಕಡೆ ಒಬ್ಬ ರಿಟೈರ್ಡ್ ಮಾಸ್ತರರ ಪ್ಲಾಟ್ ಇತ್ತು. ಮುಂದೆ 50 ಅಡಿ, ಉದ್ದ 80 ಅಡಿ. ಸುತ್ತ ಕಾಂಪೌಂಡ್ ಹಾಕಿಸಬೇಕಿತ್ತು. ನನ್ನನ್ನು ಕರೆಯುವ ಮೊದಲೇ ಅವರು ಒಬ್ಬ ಗೌಂಡಿಯಿಂದ ಕೊಟೇಶನ್ ತೆಗೆದುಕೊಂಡಿದ್ದರು. ಅದರಲ್ಲಿ 36 ಕಂಬ ಅಂತ ಬರೆದಿತ್ತು. "ನಾನು ಲೆಕ್ಕ ಹಾಕಿದರೆ 34 ಬರ್ತದ ಸರ್, ಯಾವುದು ಖರೆ?" ಅಂತ ಮಾಸ್ತರರು ಕೇಳಿದರು. ಎರಡೂ ಅಲ್ಲ, 32 ಸಾಕು. ಮೂರೂ ಸಂಖ್ಯೆ ಎಲ್ಲಿಂದ ಬಂದವು ಅಂತ ನೋಡಿದರೆ ಅರ್ಧ ಲೆಕ್ಕ ಅಲ್ಲೇ ತಿಳಿಯುತ್ತದೆ.

ಮಾಸ್ತರರ ಲೆಕ್ಕ ಸೀದಾ ಇತ್ತು. ಸುತ್ತಳತೆ 260 ಅಡಿ. ಎರಡು ಕಂಬದ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತೇವೆ. 8 ಅಡಿಗೆ ಒಂದು ಕಂಬ ಅಂದರೆ 32.5, ಅಂದರೆ 33 ಅಂಕಣ. ಕೊನೆಗೊಂದು ಕಂಬ ಸೇರಿಸಿ 34. ಈ "ಕೊನೆಗೊಂದು ಸೇರಿಸು" ಅನ್ನುವುದು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುವ ಗೋಡೆಗೆ ಸರಿ. ಕಾಂಪೌಂಡ್ ಸುತ್ತಿ ಬಂದು ಶುರುವಾದಲ್ಲೇ ಸೇರುತ್ತದೆ. ಅಲ್ಲಿ ಎಷ್ಟು ಅಂಕಣವೋ ಅಷ್ಟೇ ಕಂಬ.

ಗೌಂಡಿ ಒಂದೊಂದು ಬಾಜು ಬೇರೆ ಬೇರೆ ಎಣಿಸಿದ್ದ. ಎಡಕ್ಕೆ 11, ಬಲಕ್ಕೆ 11, ಹಿಂದೆ 7, ಮುಂದೆ ಗೇಟಿನ ಒಂದು ಕಡೆ 3, ಇನ್ನೊಂದು ಕಡೆ 4. ಕೂಡಿಸಿದರೆ 36. ಬಾಜುವಾರು ಎಣಿಸುವುದೇ ಸರಿಯಾದ ದಾರಿ, ಆದರೆ ಪ್ರತಿ ಮೂಲೆಯ ಕಂಬವೂ ಎರಡು ಬಾಜುವಿನಲ್ಲಿ ಬಂದಿತ್ತು. ನಾಲ್ಕು ಮೂಲೆ, ನಾಲ್ಕು ಕಂಬ ಜಾಸ್ತಿ. ಕೊಟೇಶನ್ ಕಂಬದ ಲೆಕ್ಕದಲ್ಲಿ ಇದ್ದರೆ ಈ ನಾಲ್ಕಕ್ಕೂ ದುಡ್ಡು ಹೋಗುತ್ತದೆ.

ನಾನು ಕಂಬ ಎಣಿಸುವುದೇ ಇಲ್ಲ, ಅಂಕಣ ಎಣಿಸುತ್ತೇನೆ. ಗೇಟನ್ನೂ ಒಂದು ಅಂಕಣ ಅಂತಲೇ ಹಿಡಿಯುತ್ತೇನೆ. ಆಗ ಕೂಡಿಸುವುದು, ಕಳೆಯುವುದು ಏನೂ ಉಳಿಯುವುದಿಲ್ಲ.

ಅಳತೆ ಮಾತ್ರ ಕಂಬದ ನಡುವಿನಿಂದ ನಡುವಿಗೆ ಹಿಡಿಯಬೇಕು. ಗೋಡೆಯ ಹೊರಮುಖ ಗಡಿ ಗೆರೆಯ ಮೇಲಿದ್ದು ಕಂಬ 9 ಇಂಚು ಇದ್ದರೆ, 80 ಅಡಿ ಬಾಜುವಿನಲ್ಲಿ ಎರಡೂ ಕಡೆ ನಾಲ್ಕೂವರೆ ಇಂಚು ಒಳಗೆ ಬರುತ್ತದೆ. ಉಳಿಯುವುದು 79 ಅಡಿ 3 ಇಂಚು. ಅದನ್ನು 10 ಅಂಕಣ ಮಾಡಿದರೆ ಒಂದೊಂದು 7 ಅಡಿ 11 ಇಂಚು. ಎಡ, ಬಲ ಸೇರಿ 20 ಅಂಕಣ ಆಯಿತು.

ಹಿಂದಿನ ಬಾಜು 49 ಅಡಿ 3 ಇಂಚು. 8ರಿಂದ ಭಾಗಿಸಿದರೆ 6.16. ಪುಸ್ತಕದ ಪ್ರಕಾರ ಮೇಲಕ್ಕೆ ಹೋಗಿ 7 ಅನ್ನಬೇಕು. ನಾನು 6 ಮಾಡಿದೆ. ಒಂದು ಅಂಕಣ 8 ಅಡಿ ಎರಡೂವರೆ ಇಂಚು ಆಗುತ್ತದೆ, ಅಷ್ಟೇ. ಎರಡೂವರೆ ಇಂಚಿಗೋಸ್ಕರ ಒಂದು ಕಂಬ, ಒಂದು ಗುಂಡಿ ಯಾಕೆ? ಇದೇ ಅಂಕಣ 8.9 ಅಡಿ ಬಂದಿದ್ದರೆ ಒಂದು ಕಂಬ ಜಾಸ್ತಿ ಹಾಕುತ್ತಿದ್ದೆ. ಕರಿ ಮಣ್ಣಿನಲ್ಲಿ 9 ಅಡಿ ಅಂಕಣ ನನಗೆ ಇಷ್ಟವಿಲ್ಲ. ನಡುವೆ ಗೋಡೆ ಬಿರುಕು ಬಿಟ್ಟಿದ್ದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

ಮುಂದೆ 12 ಅಡಿ ಗೇಟ್. ಗೇಟಿನ ಕಂಬ 12 ಇಂಚಿನವು, ಹಾಗಾಗಿ ನಡುವಿನಿಂದ ನಡುವಿಗೆ 13 ಅಡಿ. ಎಡ ಮೂಲೆಯಿಂದ ಗೇಟಿನ ಕಂಬಕ್ಕೆ 12 ಅಡಿ 3 ಇಂಚು, ಅದು 2 ಅಂಕಣ. ಆ ಕಡೆ 24 ಅಡಿ ಉಳಿಯಿತು, 3 ಅಂಕಣ. ಈಗ ಕೂಡಿಸಿ: 20 + 6 + 2 + 3, ಗೇಟಿಗೆ 1. ಒಟ್ಟು 32. ಕಂಬವೂ 32.

ಗೇಟ್ ಕಳೆದು 248 ಅಡಿಯನ್ನು 8ರಿಂದ ಭಾಗಿಸಿ 1 ಸೇರಿಸಿದರೂ ಇಲ್ಲಿ 32 ಬರುತ್ತದೆ. ಅದು ಈ ಪ್ಲಾಟಿನಲ್ಲಿ ಸುಮ್ನೆ ತಾಳೆಯಾಗಿದ್ದು. ಗೇಟ್ ಜಾಗ ಬದಲಾದರೆ ತಪ್ಪುತ್ತದೆ, ಅದನ್ನು ಕೊನೆಗೆ ಹೇಳುತ್ತೇನೆ.

ಇನ್ನು ನೆಲ. ಇಲ್ಲಿ ಮೇಲೆಲ್ಲ ಕರಿ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಫೂಟಿಂಗ್, ಅಂದರೆ ಕಂಬದ ಬುಡದ ಅಗಲ ಪಾದ, ಅದರ ಮೇಲೆ ಕೂತರೆ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಆದ್ದರಿಂದ ಮುರ್ರಂ ಸಿಗುವವರೆಗೆ ತೋಡಬೇಕು. ಮುರ್ರಂ ಬಂದದ್ದು ಗೊತ್ತಾಗುತ್ತದೆ: ಬಣ್ಣ ಹಳದಿ ಕಂದಿಗೆ ತಿರುಗುತ್ತದೆ, ಹಸಿ ಮಾಡಿ ಹಿಚುಕಿದರೆ ಬೆರಳಿಗೆ ಮೇಣದಂತೆ ಅಂಟುವುದಿಲ್ಲ, ಪಿಕಾಸಿ ಬಿದ್ದರೆ ಗರಗರ ಸದ್ದು ಬರುತ್ತದೆ. ಇಲ್ಲಿ ನಾಲ್ಕು ನಾಲ್ಕೂವರೆ ಅಡಿಗೆ ಸಿಕ್ಕಿತು, ಗುಂಡಿ 5 ಅಡಿ ಮಾಡಿಸಿದೆ. ಬೀದರ್ ಕಡೆ ಜಂಬಿಟ್ಟಿಗೆ ನೆಲ ಇದ್ದಲ್ಲಿ ಇಷ್ಟು ಆಳ ಬೇಕಾಗುವುದಿಲ್ಲ. ಕರಿ ಮಣ್ಣೇ ಎಂಟು ಹತ್ತು ಅಡಿ ಇದ್ದರೆ ಈ ಲೆಕ್ಕವೇ ಬೇಡ, ತಳದಲ್ಲಿ ಉಬ್ಬಿದ ಆಳದ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಬಗ್ಗೆ ಡಿಸೈನ್ ಮಾಡುವ ಎಂಜಿನಿಯರ್ ಹತ್ತಿರ ಮಾತಾಡಬೇಕು.

ಅಳತೆ ಹೀಗಿತ್ತು. ಗುಂಡಿಯ ತಳದಲ್ಲಿ 3 ಅಡಿ ಚೌಕ, 4 ಇಂಚು ದಪ್ಪ ಬೆಡ್ ಕಾಂಕ್ರೀಟ್. ಅದರ ಮೇಲೆ ಎರಡೂವರೆ ಅಡಿ ಚೌಕ, 1 ಅಡಿ ದಪ್ಪ ಫೂಟಿಂಗ್. ಅಲ್ಲಿಂದ ನೆಲದ ಮಟ್ಟದವರೆಗೆ 9 ಇಂಚಿನ ಕಂಬ. ಗೇಟಿನ ಎರಡಕ್ಕೆ ಬೆಡ್ 4 ಅಡಿ, ಫೂಟಿಂಗ್ ಮೂರೂವರೆ ಅಡಿ. ಗೇಟಿನ ಭಾರ ಒಂದೇ ಕಡೆ ಎಳೆಯುತ್ತದೆ, ಅಲ್ಲಿ ಕಂಜೂಸಿ ಮಾಡಬಾರದು.

ಫೂಟಿಂಗ್ ಒಂದಕ್ಕೆ 2.5 × 2.5 × 1 = 6.25 ಘನ ಅಡಿ. ಅಂಥವು 30, ಅಂದರೆ 187.5. ಗೇಟಿನವು 12.25ರಂತೆ ಎರಡು, 24.5. ಒಟ್ಟು 212 ಘನ ಅಡಿ. ಬಹಳ ಜನ ಲೆಕ್ಕ ಇಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ "ಸಿಮೆಂಟ್ ಕಮ್ಮಿ ಬಿತ್ತು" ಅಂತ ಓಡಾಟ. ಫೂಟಿಂಗ್ ಮೇಲಿಂದ ನೆಲದವರೆಗೆ ಹೂತುಹೋಗುವ ಕಂಬವೂ ಇದೆ ಅಲ್ವಾ? 5 ಅಡಿಯಲ್ಲಿ ಬೆಡ್ ಮತ್ತು ಫೂಟಿಂಗಿನ 1 ಅಡಿ 4 ಇಂಚು ಕಳೆದರೆ 3 ಅಡಿ 8 ಇಂಚು. ಒಂದಕ್ಕೆ 2 ಘನ ಅಡಿಗಿಂತ ಸ್ವಲ್ಪ ಜಾಸ್ತಿ, ಗೇಟಿನವು ಸೇರಿ 69. ಎರಡೂ ಕೂಡಿ 281 ಘನ ಅಡಿ. ಬೆಡ್ ಬೇರೆ, 101 ಘನ ಅಡಿ.

ಚೀಲದ ಲೆಕ್ಕಕ್ಕೆ ನಾನು ಎರಡೇ ಸಂಖ್ಯೆ ನೆನಪಿಟ್ಟುಕೊಳ್ಳುತ್ತೇನೆ. ಒಂದು ಚೀಲ ಸಿಮೆಂಟ್ ಸುಮಾರು 1.23 ಘನ ಅಡಿ. ಫೂಟಿಂಗ್, ಕಂಬಕ್ಕೆ ಸಿಮೆಂಟ್, ಉಸುಕು, ಖಡಿ 1 : 1.5 : 3 ಮಾಲು, ಒಟ್ಟು ಐದೂವರೆ ಪಾಲು. ಆದರೆ ಕಲಸಿ ದಮ್ಮಾಸು ಮಾಡಿದಾಗ ಖಡಿಯ ಸಂದಿಗೆ ಉಸುಕು, ಉಸುಕಿನ ಸಂದಿಗೆ ಸಿಮೆಂಟ್ ಹೊಕ್ಕು ಮಾಲು ಕುಗ್ಗುತ್ತದೆ, ಅದಕ್ಕೆ 1.54ರಿಂದ ಭಾಗಿಸಬೇಕು. ಹಾಗೆ ಮಾಡಿದರೆ ಒಂದು ಚೀಲಕ್ಕೆ ಸುಮಾರು 4.4 ಘನ ಅಡಿ ಕಾಂಕ್ರೀಟ್ ಬರುತ್ತದೆ. ಬೆಡ್ಡಿನ 1 : 4 : 8 ಮಾಲಿನಲ್ಲಿ 10.4. ಇಷ್ಟೇ.

281 ಘನ ಅಡಿಗೆ 64 ಚೀಲ, ಬೆಡ್ಡಿಗೆ 10. ಒಟ್ಟು 74. ಚೆಲ್ಲುವುದಕ್ಕೆ ನೂರಕ್ಕೆ ಐದು ಸೇರಿಸಿ 78 ಚೀಲ ಹೇಳಿದೆ. ಉಸುಕು 166 ಘನ ಅಡಿ, ಖಡಿ 331. ನಮ್ಮ ಕಡೆ ಬ್ರಾಸ್ ಲೆಕ್ಕ, ಬ್ರಾಸ್ ಅಂದರೆ 100 ಘನ ಅಡಿ. ಉಸುಕು ಪೌಣೆ ಎರಡು ಬ್ರಾಸ್, ಖಡಿ ಮೂರೂವರೆ ಬ್ರಾಸ್ ತರಿಸಿದೆವು.

ಕೆಲಸ ನಡೆಯುವಾಗ ತಾಳೆ ನೋಡಲು ಇನ್ನೂ ಸುಲಭ ದಾರಿ ಇದೆ. ಫೂಟಿಂಗ್ ಮತ್ತು ಹೂತ ಕಂಬ ಸೇರಿ ಒಂದಕ್ಕೆ 8.3 ಘನ ಅಡಿ, ಅಂದರೆ ಹತ್ತಿರ ಎರಡು ಚೀಲ. ಬೆಡ್ಡಿಗೆ ಮೂರು ಗುಂಡಿಗೆ ಒಂದು ಚೀಲ. ಖಾಲಿ ಚೀಲ ಎಣಿಸಿದರೆ ಸಾಕು. ಚೀಲ ಬಹಳ ಕಮ್ಮಿ ಖರ್ಚಾದರೆ ಮಾಲು ತೆಳ್ಳಗಾಗಿದೆ ಇಲ್ಲವೇ ಫೂಟಿಂಗ್ ದಪ್ಪ ಕಮ್ಮಿಯಾಗಿದೆ. ಜಾಸ್ತಿ ಖರ್ಚಾದರೆ ಗುಂಡಿ ನೋಡಬೇಕು.

ಇಲ್ಲಿ ಆದದ್ದೂ ಅದೇ. ಮೊದಲ ದಿನ ಒಂದು ಚೀಲದ ಬೆಡ್ ಮಾಲು ಎರಡು ಗುಂಡಿಗೂ ಪೂರ್ತಿ ಸಾಲಲಿಲ್ಲ. ಗುಂಡಿಗೆ ಇಳಿದು ಟೇಪ್ ಹಿಡಿದರೆ ತಳ 3 ಅಡಿ ಅಲ್ಲ, 4 ಅಡಿ ಆಗಿತ್ತು. ಜೆಸಿಬಿ ಬಕೆಟ್ ತನಗೆ ಬೇಕಾದಷ್ಟು ಅಗಲ ತೋಡುತ್ತದೆ, ಗೌಂಡಿ ಇದ್ದಷ್ಟು ಜಾಗಕ್ಕೆ ಮಾಲು ಸುರಿಯುತ್ತಾನೆ. 3 ಅಡಿ ಚೌಕಕ್ಕೆ 3 ಘನ ಅಡಿ, 4 ಅಡಿ ಚೌಕಕ್ಕೆ 5.3. ಉಳಿದ ಗುಂಡಿಗೆಲ್ಲ ನಾಲ್ಕು ಹಲಗೆಯ ಒಂದು ಚೌಕಟ್ಟು ಮಾಡಿಸಿದೆ. ಅದನ್ನು ತಳದಲ್ಲಿ ಇಟ್ಟು, ಒಳಗೆ ಮಾಲು ಹಾಕಿ ಸಮ ಮಾಡಿ, ಎತ್ತಿ ಮುಂದಿನ ಗುಂಡಿಗೆ ಒಯ್ಯುವುದು. ಬೆಡ್ಡಿನ ಮಾಲು ಗಟ್ಟಿ ಇರುವುದರಿಂದ ಚೌಕಟ್ಟು ಎತ್ತಿದರೂ ಹರಡುವುದಿಲ್ಲ. ಇಲ್ಲದಿದ್ದರೆ 30 ಗುಂಡಿಗೆ ಸುಮಾರು ಏಳು ಚೀಲ ನೆಲಕ್ಕೇ ಹೋಗುತ್ತಿತ್ತು.

ಹಿಂದಿನ ಮೂಲೆಯ ಮೂರು ಗುಂಡಿಯಲ್ಲಿ 5 ಅಡಿಗೂ ಕರಿ ಮಣ್ಣೇ ಇತ್ತು. "ಇನ್ನೊಂದು ಅಡಿ ಹೋದರೆ ಖರ್ಚು ಏರ್ತದ" ಅಂತ ಮಾಸ್ತರರಿಗೆ ಯೋಚನೆ. ಕಾಂಕ್ರೀಟಿನ ಲೆಕ್ಕ ತೋರಿಸಿದೆ. 1 ಅಡಿ ಆಳ ಹೋದರೆ ಜಾಸ್ತಿ ಆಗುವುದು 9 ಇಂಚಿನ ಕಂಬ 1 ಅಡಿ, ಅಂದರೆ ಅರ್ಧ ಘನ ಅಡಿ ಚಿಲ್ಲರೆ. ಅದರ ಬದಲು "ಮಣ್ಣು ಮೆತ್ತಗಿದೆ, ಫೂಟಿಂಗ್ 3 ಅಡಿ ಮಾಡಿಬಿಡೋಣ" ಅಂದರೆ 6.25 ಇದ್ದದ್ದು 9 ಆಗುತ್ತದೆ, ಅದರ ಮೇಲೂ ಕರಿ ಮಣ್ಣಿನ ಮೇಲೇ ಕೂತಿರುತ್ತದೆ. ಆಳಕ್ಕೆ ಹೋಗುವುದೇ ಅಗ್ಗ. ಮೂರೂ ಗುಂಡಿ 6 ಅಡಿಗೆ ಇಳಿಸಿದೆವು. ತುಂಬುವಾಗ ತೆಗೆದ ಕರಿ ಮಣ್ಣನ್ನು ವಾಪಸ್ ಹಾಕಲು ಬಿಡಲಿಲ್ಲ, ಕಂಬದ ಸುತ್ತ ಮುರ್ರಂ ಹಾಕಿ ನೀರು ಬಿಟ್ಟು ದಮ್ಮಾಸು ಮಾಡಿಸಿದೆ.

ಒಂದು ವಿಷಯ ಮೊದಲೇ ಕೇಳಿಕೊಳ್ಳಬೇಕು. ಕಂಬ ಗಡಿ ಗೆರೆಗೆ ತಾಗಿ ನಿಂತು ಫೂಟಿಂಗಿನ ನಡುವೆ ಇದ್ದರೆ, ಎರಡೂವರೆ ಅಡಿ ಫೂಟಿಂಗ್ ಹತ್ತೂವರೆ ಇಂಚು ಪಕ್ಕದವರ ಜಾಗಕ್ಕೆ ಹೋಗುತ್ತದೆ. ಪಕ್ಕದ ಪ್ಲಾಟ್ ಖಾಲಿ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅವರು ಮನೆ ಕಟ್ಟಲು ಬಂದಾಗ ಜಗಳ ಶುರು. ಇಲ್ಲಿ ಎಂಜಿನಿಯರ್ ಕಂಬವನ್ನು ಫೂಟಿಂಗಿನ ಅಂಚಿಗೆ ತಂದು ಡಿಸೈನ್ ಮಾಡಿಕೊಟ್ಟಿದ್ದರು. ಕಾಂಕ್ರೀಟ್ ಅಷ್ಟೇ, ಆದರೆ ಕಬ್ಬಿಣ ಬೇರೆ, ನೆಲ ಮಟ್ಟದಲ್ಲಿ ಕಂಬಗಳನ್ನು ಜೋಡಿಸುವ ಪ್ಲಿಂತ್ ಬೀಮ್ ಬಿಗಿಯಾಗಿ ಕಟ್ಟಲೇಬೇಕು. ಗೌಂಡಿಯ ಅಂದಾಜಿಗೆ ಬಿಡುವ ಕೆಲಸ ಅಲ್ಲ.

ಇನ್ನು ಗೇಟ್. ಮುಂಭಾಗದ ಗುಂಡಿ ತೋಡುವ ಹಿಂದಿನ ದಿನ ಮಾಸ್ತರರ ಮಗ ಬಂದು ಗೇಟ್ ನಟ್ಟ ನಡುವೆ ಇರಲಿ ಅಂದ. ಆಗ ಎರಡೂ ಕಡೆ 18 ಅಡಿ ಒಂದೂವರೆ ಇಂಚು ಉಳಿಯುತ್ತದೆ. ಎರಡೆರಡು ಅಂಕಣ ಮಾಡಿದರೆ 9 ಅಡಿ ದಾಟುತ್ತದೆ, ಮೂರು ಮೂರು ಮಾಡಬೇಕು. ಐದಿದ್ದ ಅಂಕಣ ಆರಾಯಿತು, ಕಂಬ 33. ಉದ್ದ ಒಂದಿಂಚೂ ಬದಲಾಗಿಲ್ಲ, ಗೇಟಿನ ಅಗಲವೂ ಅದೇ. ಒಂದು ಕಂಬ ಅಂದರೆ ನೆಲದೊಳಗೆ ಎರಡೂಕಾಲು ಚೀಲ ಸಿಮೆಂಟ್, ಒಂದು ಗುಂಡಿ, ಮೇಲಿನ ಕಂಬದ ಕಬ್ಬಿಣ, ಮಾಲು ಬೇರೆ. ಇದನ್ನು ಹೇಳಿದ ಮೇಲೂ ಅವನು ನಡುವೆಯೇ ಬೇಕು ಅಂದ. ಸುಣ್ಣದ ಗುರುತು ಅಳಿಸಿ, 6 ಅಡಿ ಅರ್ಧ ಇಂಚಿಗೆ ಒಂದರಂತೆ ಹೊಸ ಗುರುತು ಹಾಕಿಸಿ, ಇನ್ನು ಮೂರು ಚೀಲ ಸಿಮೆಂಟಿಗೆ ಹೇಳಿದೆ.