ಸಂಪಾದಕರಿಗೆ ಬರೆಯುವ ಪತ್ರದಲ್ಲಿ ವಿಧಾನದ ಕಾರಣವೂ ಇರಲಿ

ಬಳಗದ ಸಂಶೋಧಕ ಮಿತ್ರರಿಗೆ ನಮಸ್ಕಾರ. ಲೇಖನದ ಜೊತೆಗಿನ ಕವರಿಂಗ್ ಲೆಟರ್‌ನಲ್ಲಿ "ಸೂಕ್ತ ಸಂಖ್ಯಾಶಾಸ್ತ್ರೀಯ ವಿಧಾನ ಬಳಸಿದ್ದೇವೆ" ಎಂದಷ್ಟೇ ಬರೆದರೆ ಸಂಪಾದಕರಿಗೆ ಏನೂ ತಿಳಿಯುವುದಿಲ್ಲ.

ಶಿರಸಿಯ 12 ಅಡಿಕೆ ತೋಟಗಳಲ್ಲಿ ಚೀಟಿ ಎತ್ತಿ, ಆರಕ್ಕೆ ಬೋರ್ಡೋ ದ್ರಾವಣವನ್ನೂ ಉಳಿದ ಆರಕ್ಕೆ ಬೇರೊಂದು ಔಷಧವನ್ನೂ ಹೊಡೆಸಿ, ತೋಟಕ್ಕೆ 20 ಮರಗಳಂತೆ ಕೊಳೆರೋಗ ಅಳೆದಿದ್ದೀರಿ ಎಂದುಕೊಳ್ಳಿ. ಒಟ್ಟು 240 ಮರಗಳಾದರೂ, ಒಂದೇ ತೋಟದ ಮರಗಳಿಗೆ ನೆರಳು, ತೇವ, ಔಷಧ ಹೊಡೆದ ಕೊನೆಗೌಡ ಎಲ್ಲವೂ ಒಂದೇ ಆಗಿರುವುದರಿಂದ ಅವು ಪರಸ್ಪರ ಸ್ವತಂತ್ರವಲ್ಲ. ತೋಟದೊಳಗಿನ ಮರಗಳ ನಡುವಿನ ಸಹಸಂಬಂಧ 0.2 ಇದ್ದರೆ, ಒಂದು ಮರಕ್ಕೆ ಅದೇ ತೋಟದ ಉಳಿದ 19 ಮರಗಳನ್ನು ಲೆಕ್ಕ ಹಿಡಿದು 1 + 19 × 0.2 = 4.8; ಒಟ್ಟು ಮರಗಳನ್ನು ಇದರಿಂದ ಭಾಗಿಸಬೇಕು, ಅಂದರೆ 240 ಮರಗಳ ಮಾಹಿತಿ ಸುಮಾರು 50 ಸ್ವತಂತ್ರ ಮರಗಳಷ್ಟೇ ಬೆಲೆಯದು. ಇದನ್ನು ಮರೆತು ನೇರ ಟಿ-ಪರೀಕ್ಷೆ ಮಾಡಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ, ಪರಿಶೀಲಕರು ಮೊದಲು ಹಿಡಿಯುವುದೂ ಇದನ್ನೇ.

ಹಾಗಾಗಿ ಪತ್ರದಲ್ಲಿ ಹೀಗೆ ಬರೆಯಿರಿ: "ಔಷಧವನ್ನು ಮರಕ್ಕಲ್ಲ, ತೋಟಕ್ಕೆ ಹಂಚಿದ್ದರಿಂದ, ತೋಟವನ್ನು ಯಾದೃಚ್ಛಿಕ ಪರಿಣಾಮವಾಗಿ ಸೇರಿಸಿದ ಮಿಶ್ರ ಮಾದರಿಯನ್ನು ಬಳಸಿದ್ದೇವೆ. ಈ ನಿರ್ಧಾರವನ್ನು ದತ್ತಾಂಶ ನೋಡುವ ಮೊದಲೇ ಮಾಡಿದ್ದೆವು. ವ್ಯತ್ಯಾಸದ ಪ್ರಮಾಣವನ್ನು ಶೇ. 95ರ ವಿಶ್ವಾಸಾಂತರದೊಂದಿಗೆ ಕೊಟ್ಟಿದ್ದೇವೆ."

ಮೊದಲೇ ನಿರ್ಧರಿಸಿರದಿದ್ದರೆ ಆ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ನಂತರ ಸೇರಿಸಿದ ವಿಶ್ಲೇಷಣೆಯೆಂದೇ ತಿಳಿಸಿ. 12 ತೋಟಗಳು ಕಡಿಮೆಯೇ ಆದ್ದರಿಂದ ವಿಶ್ವಾಸಾಂತರ ಅಗಲವಾಗಿರಬಹುದು. ಅದನ್ನೂ ಒಂದು ವಾಕ್ಯದಲ್ಲಿ ನೀವೇ ಹೇಳಿಬಿಡಿ.